ಬಂದ ಪ್ರೀಮಿಯಂ, ಬಾರದ ಪ್ರೀಮಿಯಂ: ಷೇರು ಮುಟ್ಟುಗೋಲಿನ ಲೆಕ್ಕ

ಪ್ರಶ್ನೆ: ಸಾರ್, ಗೋಣಿಕೊಪ್ಪದ ಹತ್ತಿರ ಒಂದು ಕಾಫಿ ಕ್ಯೂರಿಂಗ್ ಕಂಪನಿಯಲ್ಲಿ ಲೆಕ್ಕ ಬರೀತೀನಿ. ಹಳೇ ಷೇರುದಾರರಿಗೇ 100 ರೂಪಾಯಿ ಮುಖಬೆಲೆಯ 5,000 ಷೇರು ಕೊಟ್ಟೆವು, ಪ್ರೀಮಿಯಂ 40. ಅರ್ಜಿ ಜೊತೆ 50, ಜನವರಿಯಲ್ಲಿ ಅಲಾಟ್‌ಮೆಂಟ್‌ಗೆ ಪ್ರೀಮಿಯಂ ಸೇರಿ 65, ಜುಲೈಯಲ್ಲಿ ಕೊನೇ ಕಾಲ್ 25. ಒಬ್ಬರು 200 ಷೇರಿಗೆ ಅರ್ಜಿ ಹಣ ಬಿಟ್ಟು ಬೇರೇನೂ ಕಟ್ಟಲಿಲ್ಲ. ಇನ್ನೊಬ್ಬರು 100 ಷೇರಿಗೆ ಕಾಲ್ ಮಾತ್ರ ಕಟ್ಟಲಿಲ್ಲ. 300 ಷೇರನ್ನೂ ಮುಟ್ಟುಗೋಲು ಹಾಕಿ, ಅಷ್ಟಕ್ಕೂ ಪ್ರೀಮಿಯಂ ವಾಪಸ್ ತೆಗೆದೆ. ಆಮೇಲೆ ಮೊದಲನೆಯವರ 150, ಎರಡನೆಯವರ 100 ಷೇರನ್ನು 80 ರೂಪಾಯಿಗೆ ಬೇರೆಯವರಿಗೆ ಕೊಟ್ಟೆವು. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗ್ತಿದೆ. ಆದ್ರೆ ಆಡಿಟರ್ ಪ್ರೀಮಿಯಂ ತಪ್ಪಿದೆ ಅಂತಾರೆ. ಎಲ್ಲಿ ತಪ್ಪಿದೆ?

ಉತ್ತರ:

ಆಡಿಟರ್ ಹೇಳಿದ್ದು ಸರಿ. ತಪ್ಪಿರುವುದು 100 ಷೇರಿನವರ ಎಂಟ್ರಿಯಲ್ಲಿ, 4,000 ರೂಪಾಯಿ. 200 ಷೇರಿನವರ ಪ್ರೀಮಿಯಂ ವಾಪಸ್ ತೆಗೆದದ್ದು ಸರಿಯಾಗಿಯೇ ಇದೆ. ಇಬ್ಬರ ಷೇರೂ ಮುಟ್ಟುಗೋಲಾದರೂ ಒಬ್ಬರು ಪ್ರೀಮಿಯಂ ಕಟ್ಟಿದ್ದಾರೆ, ಇನ್ನೊಬ್ಬರು ಕಟ್ಟಿಲ್ಲ. ಪುಸ್ತಕದಲ್ಲಿ ಈ ಇಬ್ಬರಿಗೂ ಒಂದೇ ಥರ ಎಂಟ್ರಿ ಹಾಕಲು ಬರುವುದಿಲ್ಲ.

ಕಾರಣ ಹೇಳುತ್ತೇನೆ. ಕಂಪನಿ ಕಾಯ್ದೆ 2013ರ 52ನೇ ಸೆಕ್ಷನ್ ಪ್ರಕಾರ, ಷೇರಿನ ಮೇಲೆ ಬಂದ ಪ್ರೀಮಿಯಂ ಹಣವನ್ನು ಸೆಕ್ಯುರಿಟೀಸ್ ಪ್ರೀಮಿಯಂ ಖಾತೆಗೆ ಹಾಕಬೇಕು. ಅಲ್ಲಿರುವ ಮಾತು ಬಂದ ಹಣ. ಒಮ್ಮೆ ಬಂದು ಆ ಖಾತೆಗೆ ಸೇರಿದ ಮೇಲೆ ಅದಕ್ಕೆ ಬಂಡವಾಳದಷ್ಟೇ ಕಾವಲು. ಬೋನಸ್ ಷೇರು ಕೊಡಲು, ಷೇರು ಹೊರಡಿಸಿದ ಖರ್ಚು ಕಳೆಯಲು, ಹೀಗೆ ಕಾಯ್ದೆ ಹೆಸರಿಸಿರುವ ಕೆಲವೇ ಕೆಲಸಕ್ಕೆ ಅದನ್ನು ಬಳಸಬಹುದು. ಮುಟ್ಟುಗೋಲು ಆ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಕಟ್ಟಿದವರ ಪ್ರೀಮಿಯಂ, ಅವರು ಆಮೇಲೆ ಷೇರು ಕಳೆದುಕೊಂಡರೂ, ಅಲ್ಲೇ ಇರಬೇಕು.

ಹಾಗಿದ್ದರೆ 200 ಷೇರಿನವರದ್ದನ್ನು ಯಾಕೆ ತೆಗೆಯಬೇಕು? ನಾವು ಲೆಕ್ಕ ಬರೆಯುವ ರೀತಿಯಿಂದಾಗಿ. ಅಲಾಟ್‌ಮೆಂಟ್ ಆದ ದಿನ ಹಣ ಬಂದಿರುವುದಿಲ್ಲ, ಬರಬೇಕಾದದ್ದು ಅಂತ ಬರೆಯುತ್ತೇವೆ. ನಿಮ್ಮಲ್ಲಿ ಆ ದಿನದ ಎಂಟ್ರಿ ಹೀಗಿರುತ್ತದೆ: ಅಲಾಟ್‌ಮೆಂಟ್ ಖಾತೆಗೆ ಡೆಬಿಟ್ 3,25,000. ಅದರಲ್ಲಿ ಷೇರು ಬಂಡವಾಳಕ್ಕೆ ಕ್ರೆಡಿಟ್ 1,25,000, ಪ್ರೀಮಿಯಂ ಖಾತೆಗೆ ಕ್ರೆಡಿಟ್ 2,00,000. ಅಂದರೆ ಒಂದು ರೂಪಾಯಿ ಬ್ಯಾಂಕಿಗೆ ಬರುವ ಮೊದಲೇ 5,000 ಷೇರಿನ ಪ್ರೀಮಿಯಂ ಜಮಾ ಆಗಿ ಕೂತಿದೆ. ಎಲ್ಲರೂ ಕಟ್ಟಿದರೆ ತೊಂದರೆ ಇಲ್ಲ. ಒಬ್ಬರು ಕಟ್ಟದೆ ಅವರ ಷೇರೂ ಹೋದರೆ, ಆ 200 ಷೇರಿನ 8,000 ರೂಪಾಯಿ ಬರೀ ಹೆಸರಿಗೆ ಉಳಿಯುತ್ತದೆ. ಅದನ್ನು ತೆಗೆಯಲೇಬೇಕು.

ಈಗ ಕಾಲ್ ಬಾಕಿ ವಿಷಯಕ್ಕೆ ಬರೋಣ. ನಿಮ್ಮ ಗೊಂದಲ ಹುಟ್ಟಿರುವುದೇ ಅಲ್ಲಿ ಅಂತ ನನಗನ್ನಿಸುತ್ತದೆ.

ಅಲಾಟ್‌ಮೆಂಟ್‌ನಲ್ಲಿ ಬಾರದೆ ಉಳಿದದ್ದು 200 ಷೇರಿಗೆ 65ರಂತೆ 13,000. ಬ್ಯಾಂಕಿಗೆ ಬಂದದ್ದು 3,12,000. ಜುಲೈ ಕಾಲ್‌ನಲ್ಲಿ ಇಬ್ಬರದ್ದೂ ಸೇರಿ 300 ಷೇರಿಗೆ 25ರಂತೆ 7,500 ಬರಲಿಲ್ಲ, ಬಂದದ್ದು 1,17,500. ಈ ಎರಡೂ ಬಾಕಿ ಒಂದೇ ಕಾಲ್ ಬಾಕಿ ಖಾತೆಗೆ ಹೋಗಿ ಒಟ್ಟು 20,500 ಆಗುತ್ತದೆ. ಒಂದೇ ಮೊತ್ತವಾಗಿ ನೋಡಿದರೆ ಎಲ್ಲವೂ ಒಂದೇ ಜಾತಿಯ ಬಾಕಿ ಥರ ಕಾಣುತ್ತದೆ. ಆದರೆ ಆ 20,500ರ ಒಳಗೆ 12,500 ಬಂಡವಾಳದ ಬಾಕಿ, 8,000 ಪ್ರೀಮಿಯಂ ಬಾಕಿ. ಖಾತೆಯ ಪಕ್ಕದಲ್ಲಿ ಪೆನ್ಸಿಲ್‌ನಲ್ಲಾದರೂ ಸರಿ, ಹೆಸರುವಾರು ಒಡೆದು ಬರೆದಿಡಿ: 200 ಷೇರಿನವರದ್ದು 18,000, ಅದರಲ್ಲಿ ಪ್ರೀಮಿಯಂ 8,000. 100 ಷೇರಿನವರದ್ದು 2,500, ಪ್ರೀಮಿಯಂ ಏನೂ ಇಲ್ಲ. ಇದೊಂದು ಸಾಲು ಬರೆದಿದ್ದರೆ ನಿಮಗೆ ಆ 4,000ದ ತಪ್ಪು ಆಗುತ್ತಲೇ ಇರಲಿಲ್ಲ.

ಈ ಒಡೆದ ಲೆಕ್ಕ ಇನ್ನೊಂದು ಕಡೆಗೂ ಬೇಕು. ನಿಮ್ಮ ಅಲಾಟ್‌ಮೆಂಟ್ ಜನವರಿಯಲ್ಲಿ, ಕಾಲ್ ಜುಲೈಯಲ್ಲಿ. ಮಧ್ಯೆ ಮಾರ್ಚ್ 31 ಬಂತು. ಆ ದಿನದ ಬ್ಯಾಲೆನ್ಸ್ ಶೀಟ್‌ನಲ್ಲಿ 13,000 ಬಾಕಿಯನ್ನು ಪೂರ್ತಿ ಷೇರು ಬಂಡವಾಳದಿಂದ ಕಳೆದು ತೋರಿಸಿದ್ದೀರಾ ನೋಡಿ. ಜಾಸ್ತಿ ಜನ ಹಾಗೇ ಮಾಡುತ್ತಾರೆ. ಬಂಡವಾಳದಿಂದ ಕಳೆಯಬೇಕಾದ್ದು 5,000 ಮಾತ್ರ. ಉಳಿದ 8,000 ಪ್ರೀಮಿಯಂ ಖಾತೆಯಿಂದ ಕಳೆಯಬೇಕು. ಬಾಕಿ ಉಳಿಸಿಕೊಂಡವರು ನಿರ್ದೇಶಕರೋ ಬೇರೆಯವರೋ ಅನ್ನುವುದನ್ನೂ ಟಿಪ್ಪಣಿಯಲ್ಲಿ ಬೇರೆಬೇರೆಯಾಗಿ ತೋರಿಸಬೇಕು.

ಇಲ್ಲಿ ಒಂದು ಮಾತು, ಲೆಕ್ಕಕ್ಕಿಂತ ನಿಮ್ಮ ಬೋರ್ಡಿಗೆ ಸಂಬಂಧಪಟ್ಟದ್ದು. ಜುಲೈಯಲ್ಲಿ ಕೊಡಗಿನ ಬೆಳೆಗಾರರ ಕೈಯಲ್ಲಿ ಕಾಸು ಎಲ್ಲಿರುತ್ತದೆ? ರೋಬಸ್ಟಾ ಕೊಯ್ಲು ಡಿಸೆಂಬರ್‌ನಿಂದ ಫೆಬ್ರವರಿ. ಕಣದಲ್ಲಿ ಒಣಗಿ, ಮೂಟೆ ಕಟ್ಟಿ, ಮಾರಿ ಹಣ ಬರುವುದು ಅದರ ಬೆನ್ನಿಗೆ. ಜುಲೈ ಅಂದರೆ ಕಕ್ಕಡ, ಸುರಿಯುವ ಮಳೆ, ಬರೀ ಖರ್ಚಿನ ಕಾಲ. 5,000 ಷೇರಲ್ಲಿ 4,800ಕ್ಕೆ ಜನವರಿಯಲ್ಲಿ 65 ರೂಪಾಯಿ ಕಟ್ಟಿದ ಜನ ಇವರು. ಆ 100 ಷೇರಿನವರು ಅಷ್ಟು ಕಟ್ಟಿ, ಜುಲೈಯ 25 ರೂಪಾಯಿಗೆ ಎಡವಿದ್ದಾರೆ. ಕಾಲ್ ಫೆಬ್ರವರಿಗೋ ಮಾರ್ಚ್‌ಗೋ ಇಟ್ಟಿದ್ದರೆ ಅವರು ಷೇರು ಕಳೆದುಕೊಳ್ಳುತ್ತಿರಲಿಲ್ಲ ಅಂತ ನನ್ನ ಅನಿಸಿಕೆ. ಕಾಯ್ದೆಯ ಮಾದರಿ ನಿಯಮಾವಳಿ, ಅಂದರೆ ಟೇಬಲ್ ಎಫ್, ಎರಡು ಕಾಲ್‌ಗಳ ಮಧ್ಯೆ ಒಂದು ತಿಂಗಳಾದರೂ ಇರಬೇಕು, ಒಂದು ಕಾಲ್ ಮುಖಬೆಲೆಯ ಕಾಲು ಭಾಗ ದಾಟಬಾರದು ಅನ್ನುತ್ತದೆ. ಅದರೊಳಗೆ ತಿಂಗಳು ಆರಿಸುವುದು ಬೋರ್ಡಿನ ಕೈಯಲ್ಲೇ ಇದೆ.

ತಡವಾಗಿ ಕಟ್ಟಿದರೆ ಬಡ್ಡಿ. ಟೇಬಲ್ ಎಫ್ ಪ್ರಕಾರ ವರ್ಷಕ್ಕೆ ಶೇಕಡಾ 10ರವರೆಗೆ, ಬೋರ್ಡ್ ಮನಸ್ಸು ಮಾಡಿದರೆ ಕಡಿಮೆ ಮಾಡಬಹುದು, ಪೂರ್ತಿ ಬಿಡಲೂಬಹುದು. ಅವರು ಮೂರು ತಿಂಗಳು ತಡವಾಗಿ 2,500 ತಂದುಕೊಟ್ಟಿದ್ದರೆ ಬಡ್ಡಿ 62 ರೂಪಾಯಿ 50 ಪೈಸೆ. ಬಾಕಿ ಖಾತೆಗೆ 2,500 ಕ್ರೆಡಿಟ್, ಬಡ್ಡಿ ಆದಾಯಕ್ಕೆ 62.50 ಕ್ರೆಡಿಟ್, ಕಥೆ ಅಲ್ಲಿಗೆ ಮುಗಿಯುತ್ತಿತ್ತು.

ಮುಟ್ಟುಗೋಲಿಗೆ ಬರೋಣ. ಎಂಟ್ರಿ ಬರೆಯುವ ಮೊದಲು ಮೂರು ಕಾಗದ ನಿಮ್ಮ ಫೈಲ್‌ನಲ್ಲಿ ಇರಬೇಕು. ಮೊದಲನೆಯದು ಕಂಪನಿಯ ನಿಯಮಾವಳಿ. ಮುಟ್ಟುಗೋಲು ಹಾಕುವ ಅಧಿಕಾರ ಅಲ್ಲಿಂದಲೇ ಬರಬೇಕು. ಎರಡನೆಯದು ನೋಟಿಸ್: ಇಂಥ ದಿನದೊಳಗೆ ಇಷ್ಟು ಕಟ್ಟಿ, ಕಟ್ಟದಿದ್ದರೆ ಷೇರು ಮುಟ್ಟುಗೋಲಾಗಬಹುದು ಅಂತ ಸ್ಪಷ್ಟವಾಗಿ ಬರೆದಿರಬೇಕು. ನೋಟಿಸ್ ತಲುಪಿದ ಮೇಲೆ ಕನಿಷ್ಠ 14 ದಿನ ಕೊಡಬೇಕು. ಮೂರನೆಯದು ಆ ಗಡುವು ಮುಗಿದ ಮೇಲೆ ಆದ ಬೋರ್ಡ್ ನಿರ್ಣಯ. 14 ದಿನವನ್ನು ನೋಟಿಸ್ ಟೈಪ್ ಮಾಡಿದ ದಿನದಿಂದ ಎಣಿಸಬೇಡಿ. ಮಳೆಗಾಲದಲ್ಲಿ ಒಳಗಿನ ತೋಟದ ಮನೆಗೆ ಟಪಾಲು ತಲುಪುವುದು ಎಷ್ಟು ದಿನವೋ ನಿಮಗೇ ಗೊತ್ತು. ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ ದಾಖಲೆ ಇಟ್ಟುಕೊಂಡು, ಅಲ್ಲಿಂದ ಎಣಿಸಿ. ಹಲವು ವರ್ಷದ ಹಿಂದೆ ಒಂದು ಕಂಪನಿಯ ಪುಸ್ತಕ ನೋಡಿದ್ದೆ. ಎಂಟ್ರಿ ಒಂದೂ ತಪ್ಪಿರಲಿಲ್ಲ. ಆದರೆ ನೋಟಿಸ್ ತಲುಪಿ ಒಂಬತ್ತನೇ ದಿನಕ್ಕೇ ಬೋರ್ಡ್ ನಿರ್ಣಯ ಮಾಡಿಬಿಟ್ಟಿತ್ತು. ಷೇರುದಾರರು ತಕರಾರು ತೆಗೆದಾಗ ಇಡೀ ಮುಟ್ಟುಗೋಲನ್ನೇ ವಾಪಸ್ ತಿರುಗಿಸಬೇಕಾಯಿತು.

ಕಾಗದ ಸರಿ ಇದ್ದರೆ ಎಂಟ್ರಿ. 200 ಷೇರಿನವರದ್ದು:

ಷೇರು ಬಂಡವಾಳ ಖಾತೆ, ಡೆಬಿಟ್ 20,000
ಸೆಕ್ಯುರಿಟೀಸ್ ಪ್ರೀಮಿಯಂ ಖಾತೆ, ಡೆಬಿಟ್ 8,000
ಷೇರು ಮುಟ್ಟುಗೋಲು ಖಾತೆ, ಕ್ರೆಡಿಟ್ 10,000
ಕಾಲ್ ಬಾಕಿ ಖಾತೆ, ಕ್ರೆಡಿಟ್ 18,000

ಸಾಲುಸಾಲಾಗಿ ಓದಿ. ಬಂಡವಾಳದಿಂದ 20,000 ಹೋಗುತ್ತದೆ, ಯಾಕೆಂದರೆ ಅಷ್ಟನ್ನೂ ಕೇಳಿ ಆಗಿದೆ. ಬಾಕಿ ಖಾತೆ ಅವರ ಮಟ್ಟಿಗೆ ಸೊನ್ನೆ ಆಗುತ್ತದೆ. ಮುಟ್ಟುಗೋಲು ಖಾತೆಯ 10,000 ಅಂದರೆ ಅವರು ನಿಜವಾಗಿ ಕಟ್ಟಿದ್ದು, ಷೇರಿಗೆ 50ರಂತೆ. ಇಲ್ಲಿ ಒಂದು ಎಚ್ಚರ: ಜುಲೈ ಕಾಲ್ ಕೇಳುವ ಮೊದಲೇ ಇವರ ಷೇರು ಮುಟ್ಟುಗೋಲಾಗಿದ್ದರೆ ಬಂಡವಾಳಕ್ಕೆ ಡೆಬಿಟ್ ಮಾಡಬೇಕಿದ್ದದ್ದು 20,000 ಅಲ್ಲ, 15,000. ಆ ದಿನದವರೆಗೆ ಎಷ್ಟು ಕೇಳಿದ್ದೀರೋ ಅಷ್ಟೇ ತೆಗೆಯಬೇಕು. ಮುಖಬೆಲೆ ನೋಡಿ ಸುಮ್ನೆ 100ರಿಂದ ಗುಣಿಸಬೇಡಿ.

100 ಷೇರಿನವರದ್ದು ಹೀಗೆ:

ಷೇರು ಬಂಡವಾಳ ಖಾತೆ, ಡೆಬಿಟ್ 10,000
ಷೇರು ಮುಟ್ಟುಗೋಲು ಖಾತೆ, ಕ್ರೆಡಿಟ್ 7,500
ಕಾಲ್ ಬಾಕಿ ಖಾತೆ, ಕ್ರೆಡಿಟ್ 2,500

ಪ್ರೀಮಿಯಂ ಸಾಲೇ ಇಲ್ಲ ನೋಡಿ. ಅವರು ಷೇರಿಗೆ 115 ಕಟ್ಟಿದ್ದಾರೆ. ಆದರೆ ಮುಟ್ಟುಗೋಲು ಖಾತೆಗೆ ಹೋಗುವುದು 75 ಮಾತ್ರ, ಉಳಿದ 40 ಪ್ರೀಮಿಯಂ ಖಾತೆಯಲ್ಲೇ ಇದೆ. ನೀವು ಇಲ್ಲಿ ಪ್ರೀಮಿಯಂಗೆ 4,000 ಡೆಬಿಟ್ ಮಾಡಿ, ಮುಟ್ಟುಗೋಲು ಖಾತೆಗೆ 11,500 ಕ್ರೆಡಿಟ್ ಮಾಡಿದ್ದೀರಿ. ಡೆಬಿಟ್ 14,000, ಕ್ರೆಡಿಟ್ 14,000. ತಾಳೆ ಆಗದೆ ಏನು ಮಾಡುತ್ತದೆ ಹೇಳಿ? ಅದಕ್ಕೇ ಟ್ರಯಲ್ ಬ್ಯಾಲೆನ್ಸ್ ಈ ತಪ್ಪನ್ನು ಹಿಡಿಯಲಿಲ್ಲ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜರುಗಿದೆ ಅಷ್ಟೆ, ಮೊತ್ತ ಬದಲಾಗಿಲ್ಲ.

ಹಿಡಿಯುವುದು ಹೇಗೆ ಅಂದರೆ, ಪ್ರೀಮಿಯಂ ಖಾತೆಯಲ್ಲಿ ಈ ಷೇರುಗಳದ್ದು ಉಳಿದ ಮೊತ್ತವನ್ನು 40ರಿಂದ ಭಾಗಿಸಿ. ಪ್ರೀಮಿಯಂ ಕಟ್ಟಿದ ಷೇರಿನ ಸಂಖ್ಯೆ ಬರಬೇಕು. ಕಟ್ಟಿದ್ದು 4,800 ಷೇರಿಗೆ, ಹಾಗಾಗಿ 1,92,000 ಇರಬೇಕು. ನಿಮ್ಮ ಪುಸ್ತಕದಲ್ಲಿ 1,88,000 ಇರುತ್ತದೆ, ಭಾಗಿಸಿದರೆ 4,700. ಆ ಕಾಣೆಯಾದ 100 ಷೇರು ಯಾರದ್ದು ಅಂತ ತಕ್ಷಣ ಗೊತ್ತಾಗುತ್ತದೆ, ಅಲ್ವಾ? ನಿಮ್ಮ ಆಡಿಟರ್ ಕೂಡ ಬಹುಶಃ ಹೀಗೇ ಹಿಡಿದಿರುತ್ತಾರೆ.

ಇನ್ನು ಮತ್ತೆ ಕೊಟ್ಟ 250 ಷೇರು. ಮುಖಬೆಲೆಗಿಂತ ಕಡಿಮೆಗೆ ಹೊಸ ಷೇರು ಕೊಡುವಂತಿಲ್ಲ ಅಂತ 53ನೇ ಸೆಕ್ಷನ್ ಇದೆ. ಹಾಗಾದರೆ 80ಕ್ಕೆ ಹೇಗೆ ಕೊಟ್ಟಿರಿ ಅಂತ ಯಾರಾದರೂ ಕೇಳಬಹುದು. ಇವು ಹೊಸ ಷೇರಲ್ಲ. ಈ ಷೇರಿನ ಮೇಲೆ ಹಳಬರು ಕಟ್ಟಿದ ಹಣ ಕಂಪನಿಯಲ್ಲೇ ಇದೆ, ರಿಯಾಯಿತಿ ಅದರೊಳಗೆ ಇದ್ದರೆ ಬಂಡವಾಳಕ್ಕೆ ತೂತು ಬೀಳುವುದಿಲ್ಲ. ಮೊದಲನೆಯವರ ಷೇರಿಗೆ ಆ ಮಿತಿ 50, ಅಂದರೆ 50 ರೂಪಾಯಿಗಿಂತ ಕೆಳಗೆ ಕೊಡುವಂತಿಲ್ಲ. ಎರಡನೆಯವರದ್ದಕ್ಕೆ ಮಿತಿ 75, ಕನಿಷ್ಠ ಬೆಲೆ 25. ನಿಮ್ಮ ತಪ್ಪು ಲೆಕ್ಕದಲ್ಲಿ ಎರಡನೆಯವರ ಷೇರಿಗೆ 115 ಮುಟ್ಟುಗೋಲಾದ ಹಾಗೆ ಕಾಣುತ್ತದೆ. ಅದನ್ನು ನಂಬಿದರೆ ಷೇರನ್ನು ಪುಕ್ಕಟೆ ಕೊಟ್ಟರೂ ನಡೆಯುತ್ತದೆ ಅನ್ನುವ ಹಾಗಾಯಿತು. ಆ 4,000 ಎಷ್ಟು ದೂರ ಎಳೆದುಕೊಂಡು ಹೋಗಬಹುದು ಅಂತ ಇದರಲ್ಲೇ ಗೊತ್ತಾಗುತ್ತದೆ.

ನೀವು 80ಕ್ಕೆ ಕೊಟ್ಟಿದ್ದೀರಿ, ಎರಡಕ್ಕೂ ಮಿತಿಯೊಳಗೇ ಇದೆ. ಬ್ಯಾಂಕಿಗೆ ಡೆಬಿಟ್ 20,000, ಮುಟ್ಟುಗೋಲು ಖಾತೆಗೆ ಡೆಬಿಟ್ 5,000, ಷೇರು ಬಂಡವಾಳಕ್ಕೆ ಕ್ರೆಡಿಟ್ 25,000. ಒಂದು ವೇಳೆ 120ಕ್ಕೆ ಹೋಗಿದ್ದರೆ ಮೇಲಿನ 20 ಮತ್ತೆ ಪ್ರೀಮಿಯಂ ಖಾತೆಗೇ ಸೇರಬೇಕಿತ್ತು.

ಆಮೇಲೆ, ಮತ್ತೆ ಕೊಟ್ಟ ಷೇರಿನ ಮೇಲೆ ಮುಟ್ಟುಗೋಲು ಖಾತೆಯಲ್ಲಿ ಉಳಿದದ್ದು ಕ್ಯಾಪಿಟಲ್ ರಿಸರ್ವ್‌ಗೆ ಹೋಗಬೇಕು. ಇದು ವ್ಯಾಪಾರದ ಲಾಭ ಅಲ್ಲ, ಲಾಭ-ನಷ್ಟದ ಖಾತೆಗೆ ತರಬೇಡಿ. ಎರಡು ಗುಂಪನ್ನೂ ಬೇರೆಬೇರೆ ಹಿಡಿಯಿರಿ. ಸರಾಸರಿ ತೆಗೆಯುವ ಆಸೆ ಆಗುತ್ತದೆ, ಬೇಡ. ಒಬ್ಬರದ್ದು ಷೇರಿಗೆ 50, ಇನ್ನೊಬ್ಬರದ್ದು 75. ಮೊದಲನೆಯವರ 150 ಷೇರಿನ ಮೇಲೆ 7,500 ಇತ್ತು, ರಿಯಾಯಿತಿ 3,000 ಹೋಗಿ 4,500. ಎರಡನೆಯವರ 100 ಷೇರಿನ ಮೇಲೆ 7,500 ಇತ್ತು, ರಿಯಾಯಿತಿ 2,000 ಹೋಗಿ 5,500. ಒಟ್ಟು 10,000. ನಿಮ್ಮಲ್ಲಿ ಇದು 14,000 ಆಗಿರುತ್ತದೆ, ಪ್ರೀಮಿಯಂನಿಂದ ಕಾಣೆಯಾದ 4,000 ಇಲ್ಲಿ ಬಂದು ಕೂತಿದೆ. ಇನ್ನೂ ಕೊಡದ 50 ಷೇರಿನ 2,500 ಮುಟ್ಟುಗೋಲು ಖಾತೆಯಲ್ಲೇ ಇರಲಿ. ಬ್ಯಾಲೆನ್ಸ್ ಶೀಟ್‌ನಲ್ಲಿ ಅದು ಷೇರು ಬಂಡವಾಳದ ಜೊತೆಗೆ, ಆದರೆ ಬೇರೆ ಸಾಲಿನಲ್ಲಿ ಬರುತ್ತದೆ. ಆ 50 ಷೇರು ಮಾರಾಟವಾಗುವ ತನಕ ಅದರಲ್ಲಿ ಒಂದು ರೂಪಾಯಿಯನ್ನೂ ರಿಸರ್ವ್‌ಗೆ ಹಾಕಬೇಡಿ, ಯಾಕೆಂದರೆ ಮುಂದೆ ಎಷ್ಟು ರಿಯಾಯಿತಿ ಕೊಡಬೇಕಾಗುತ್ತದೋ ಈಗ ಹೇಳಲಾಗುವುದಿಲ್ಲ.

ಎಲ್ಲ ಸರಿ ಬಂತಾ ಅಂತ ಬ್ಯಾಂಕಿನಿಂದ ನೋಡಿ. ಬಂದ ಹಣ: ಅರ್ಜಿ 2,50,000, ಅಲಾಟ್‌ಮೆಂಟ್ 3,12,000, ಕಾಲ್ 1,17,500, ಮತ್ತೆ ಕೊಟ್ಟದ್ದರಿಂದ 20,000. ಒಟ್ಟು 6,99,500. ಈ ಕಡೆ ಬಂಡವಾಳ 4,95,000, ಮುಟ್ಟುಗೋಲು 2,500, ಪ್ರೀಮಿಯಂ 1,92,000, ರಿಸರ್ವ್ 10,000. ಅದೂ 6,99,500. ಆದರೆ ಒಟ್ಟು ತಾಳೆಯಾದರೆ ಸಾಲದು ಅಂತ ಈಗ ನಿಮಗೆ ಗೊತ್ತು, ನಿಮ್ಮ ತಪ್ಪು ಲೆಕ್ಕದಲ್ಲೂ ಇದೇ ಒಟ್ಟು ಬರುತ್ತದೆ. ಪ್ರೀಮಿಯಂ ಸಾಲನ್ನು 40ರಿಂದ ಭಾಗಿಸಿ ನೋಡಿದ ಮೇಲೆಯೇ ಪುಸ್ತಕ ಮುಚ್ಚಿ.

ಇನ್ನೊಂದು ಸಣ್ಣ ಅನುಮಾನ ನಿಮಗೆ ಬರಬಹುದು. ಕಾಲ್ ಬಾಕಿ ಖಾತೆಯನ್ನೇ ತೆರೆಯದೆ, ಬಾಕಿಯನ್ನು ಅಲಾಟ್‌ಮೆಂಟ್ ಮತ್ತು ಕಾಲ್ ಖಾತೆಯಲ್ಲೇ ಬಿಟ್ಟಿದ್ದರೆ? ಆಗಲೂ ಲೆಕ್ಕ ಇದೇ. ಮುಟ್ಟುಗೋಲಿನ ದಿನ ಬಾಕಿ ಖಾತೆಯ ಬದಲು ಆ ಎರಡು ಖಾತೆಗಳಿಗೆ ಕ್ರೆಡಿಟ್ ಮಾಡಬೇಕು, 200 ಷೇರಿನವರದ್ದು ಅಲಾಟ್‌ಮೆಂಟ್‌ಗೆ 13,000, ಕಾಲ್‌ಗೆ 5,000. ಸಣ್ಣ ಕಂಪನಿಯಲ್ಲಿ ನನಗೆ ಈ ಪದ್ಧತಿಯೇ ಇಷ್ಟ. ಅಲಾಟ್‌ಮೆಂಟ್ ಖಾತೆಯಲ್ಲಿ ಬಾಕಿ ಉಳಿದಿದೆ ಅಂದರೆ ಪ್ರೀಮಿಯಂ ಬಾಕಿ ಇದೆ ಅಂತ ಕಣ್ಣಿಗೇ ಬೀಳುತ್ತದೆ.

ಈಗ ಸರಿಪಡಿಸುವುದು. ಹಳೇ ಎಂಟ್ರಿಯನ್ನು ಅಳಿಸಬೇಡಿ, ತಿದ್ದಬೇಡಿ. ಷೇರು ಮತ್ತೆ ಕೊಟ್ಟು, ಉಳಿಕೆ ರಿಸರ್ವ್‌ಗೆ ಹೋಗಿ ಆಗಿರುವುದರಿಂದ ಒಂದೇ ಎಂಟ್ರಿ ಸಾಕು:

ಕ್ಯಾಪಿಟಲ್ ರಿಸರ್ವ್ ಖಾತೆ, ಡೆಬಿಟ್ 4,000
ಸೆಕ್ಯುರಿಟೀಸ್ ಪ್ರೀಮಿಯಂ ಖಾತೆ, ಕ್ರೆಡಿಟ್ 4,000

ಕೆಳಗೆ ವಿವರಣೆಯಲ್ಲಿ, 100 ಷೇರಿನ ಮೇಲೆ ಮೊದಲೇ ಬಂದಿದ್ದ ಪ್ರೀಮಿಯಂ ಅನ್ನು ಮುಟ್ಟುಗೋಲಿನ ದಿನ ತಪ್ಪಾಗಿ ತೆಗೆದದ್ದನ್ನು ಸರಿಪಡಿಸಿದೆ ಅಂತ ಬರೆದು, ಮುಟ್ಟುಗೋಲಿನ ಬೋರ್ಡ್ ನಿರ್ಣಯದ ತಾರೀಖನ್ನೂ ಹಾಕಿ. ಆ ಕಾಗದದ ನಕಲನ್ನು ವೋಚರ್‌ಗೆ ಪಿನ್ ಮಾಡಿ ಆಡಿಟರ್‌ಗೆ ಕೊಡಿ.